ಬೆಳಗಿನ ಆರಕ್ಕೆ ಇನ್ನೆಷ್ಟು ನಿಮಿಷ?

ಉಳಿತಾಯ ಖಾತೆಯ ಬಡ್ಡಿ ನಮ್ಮ ಪಾಸ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕಾಣಿಸಿಕೊಳ್ಳುತ್ತದೆ. ಆದರೆ ಅದರ ಲೆಕ್ಕ ದಿನದಿನದ್ದು. 2010ರ ಏಪ್ರಿಲ್ 1ಕ್ಕೆ ಮುಂಚೆ ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಕಟ್ಟುತ್ತಿದ್ದರು. ಆ ದಿನದಿಂದಾಚೆಗೆ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಪ್ರತಿದಿನದ ಬಾಕಿಗೆ ಬಡ್ಡಿ ಕಟ್ಟಬೇಕಾಯಿತು. ಗ್ರಾಹಕರಿಗೆ ಲಾಭವಾಯಿತು. ಬ್ಯಾಂಕಿನ ಕಂಪ್ಯೂಟರಿಗೆ ಮಾತ್ರ ಕೋಟಿಗಟ್ಟಲೆ ಖಾತೆಗಳನ್ನು ದಿನದ ಲೆಕ್ಕದಲ್ಲಿ ಮುಟ್ಟಿ ಬರುವ ಕೆಲಸ ಬಂತು.

ಆ ಕೆಲಸ ನಡೆಯುವುದು ರಾತ್ರಿ. ಬ್ಯಾಂಕಿನವರು ಇದನ್ನು ‘ಡೇ ಎಂಡ್’ ಅಥವಾ ‘ಇಒಡಿ’ ಎನ್ನುತ್ತಾರೆ, ಐಟಿಯವರ ಬಾಯಲ್ಲಿ ಇದು ನೈಟ್ ಬ್ಯಾಚ್. ಬಡ್ಡಿಯ ಲೆಕ್ಕ, ಕಂತು ತಪ್ಪಿದ ಸಾಲಗಳ ಗುರುತು, ಜನರಲ್ ಲೆಡ್ಜರಿನ ಹೊಂದಾಣಿಕೆ, ಎಟಿಎಂ ಮತ್ತು ಮೊಬೈಲ್ ಆ್ಯಪ್‌ಗಳಿಗೆ ಹೊಸ ಬಾಕಿಯ ಫೈಲು ಕಳಿಸುವುದು ಹೀಗೆ ನೂರಾರು ಜಾಬ್‌ಗಳು ಒಂದರ ಬೆನ್ನಿಗೆ ಒಂದು ಓಡುತ್ತವೆ. ಇವೆಲ್ಲ ಇಂತಿಷ್ಟು ಗಂಟೆಯೊಳಗೆ ಮುಗಿಯಬೇಕೆಂಬ ಬರಹದ ಒಪ್ಪಂದವಿರುತ್ತದೆ. ಅದರ ಹೆಸರು ಸರ್ವಿಸ್ ಲೆವೆಲ್ ಅಗ್ರಿಮೆಂಟ್, ಆಡುಮಾತಿನಲ್ಲಿ ಎಸ್‌ಎಲ್‌ಎ. ಬೆಳಿಗ್ಗೆ ಆರು ಗಂಟೆಯ ಗಡುವು ಎಂದರೆ ಆರಕ್ಕೆ ಎಲ್ಲವೂ ಸಿದ್ಧವಿರಬೇಕು.

ತಿಂಗಳ ಕೊನೆಗೆ ಮೇಲಧಿಕಾರಿಗಳ ಮೇಜಿಗೆ ಒಂದು ವರದಿ ಹೋಗುತ್ತದೆ: ಮೂವತ್ತು ರಾತ್ರಿಗಳಲ್ಲಿ ಮೂವತ್ತೂ ಗಡುವಿನೊಳಗೆ, ನೂರಕ್ಕೆ ನೂರು. ಮೂರೂವರೆಗೆ ಮುಗಿದ ರಾತ್ರಿಗೂ ಐದು ಐವತ್ತೆಂಟಕ್ಕೆ ಮುಗಿದ ರಾತ್ರಿಗೂ ಆ ವರದಿಯಲ್ಲಿ ಒಂದೇ ಹಸಿರು ಬಣ್ಣ. ಎರಡನೆಯ ರಾತ್ರಿ ಎರಡೇ ನಿಮಿಷದಲ್ಲಿ ಪಾರಾಗಿತ್ತು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಡುವು ತಪ್ಪಿತೇ ಇಲ್ಲವೇ ಎನ್ನುವುದರ ಜೊತೆಗೆ, ಪ್ರತಿ ರಾತ್ರಿ ತಪ್ಪುವುದಕ್ಕೆ ಎಷ್ಟು ಹತ್ತಿರ ಹೋಗಿತ್ತು ಎಂದು ಅಳೆಯಬೇಕಾಗುವುದು ಈ ಕಾರಣಕ್ಕೆ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ದಾಖಲೆಯಲ್ಲಿದೆ. 2012ರ ಜೂನ್‌ನಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದವರು ತಮ್ಮ ಬ್ಯಾಚ್ ಶೆಡ್ಯೂಲರ್ ತಂತ್ರಾಂಶವನ್ನು, ಅಂದರೆ ಯಾವ ಜಾಬ್ ಯಾವುದರ ನಂತರ ಓಡಬೇಕೆಂದು ನಿರ್ಧರಿಸುವ ತಂತ್ರಾಂಶವನ್ನು, ಮೇಲ್ದರ್ಜೆಗೆ ಏರಿಸಿದರು. ತೊಂದರೆ ಕಂಡಾಗ ಹೊಸದನ್ನು ತೆಗೆದು ಹಳೆಯದಕ್ಕೆ ಮರಳಿದರು. ಹೊಸದು ಹಳೆಯದರೊಡನೆ ಹೊಂದುತ್ತಿರಲಿಲ್ಲ. ರಾತ್ರಿಯ ಬ್ಯಾಚ್ ಕುಸಿಯಿತು. ಆರ್‌ಬಿಎಸ್, ನ್ಯಾಟ್‌ವೆಸ್ಟ್, ಅಲ್‌ಸ್ಟರ್ ಬ್ಯಾಂಕ್ ಮೂರರಲ್ಲೂ ಸೇರಿ ಬ್ರಿಟನ್ನಿನಲ್ಲೇ ಕನಿಷ್ಠ 65 ಲಕ್ಷ ಗ್ರಾಹಕರಿಗೆ ತೊಂದರೆಯಾಯಿತು. ಸಂಬಳ ಜಮೆಯಾಗಲಿಲ್ಲ, ಬಾಕಿ ಸರಿಯಾಗಿ ಕಾಣಲಿಲ್ಲ, ಮನೆಸಾಲದ ಕಂತು ಸಮಯಕ್ಕೆ ಹೋಗಲಿಲ್ಲ. 2014ರ ನವೆಂಬರ್‌ನಲ್ಲಿ ಅಲ್ಲಿನ ಇಬ್ಬರು ನಿಯಂತ್ರಕರು ಸೇರಿ 5.6 ಕೋಟಿ ಪೌಂಡ್ ದಂಡ ಹಾಕಿದರು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಅದು ಎಳೆದ ಕಾಲ. ಶೆಡ್ಯೂಲರಿನ ದೋಷ ಜೂನ್ ಮೂರನೇ ವಾರದ್ದು, ಅಲ್‌ಸ್ಟರ್ ಬ್ಯಾಂಕಿನ ಗ್ರಾಹಕರ ಪಾಡು ಜುಲೈವರೆಗೂ ಮುಗಿಯಲಿಲ್ಲ. ನಿನ್ನೆಯ ಲೆಕ್ಕ ಮುಗಿಯದೆ ಇವತ್ತಿನದು ಶುರುವಾಗುವಂತಿಲ್ಲ. ಇವತ್ತಿನದು ತಡವಾದರೆ ನಾಳೆಯದು ಇನ್ನೂ ತಡ. ರಾತ್ರಿ ಬ್ಯಾಚಿನಲ್ಲಿ ಒಂದು ಗಡುವು ತಪ್ಪಿದರೆ ಅದು ಆ ಒಂದು ಬೆಳಗಿಗೇ ನಿಲ್ಲುತ್ತದೆಂಬ ಖಾತ್ರಿ ಇಲ್ಲ.

ನಮ್ಮಲ್ಲಿ ಈ ಒತ್ತಡಕ್ಕೆ ಬೇರೆ ಮುಖಗಳಿವೆ. ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತವೆ. ಹಾಗಾಗಿ ‘ರಾತ್ರಿ ಯಾರೂ ಇಲ್ಲ’ ಎನ್ನುವ ನೆಮ್ಮದಿ ಬ್ಯಾಂಕಿನ ಕಂಪ್ಯೂಟರಿಗೆ ಉಳಿದಿಲ್ಲ. ಬ್ಯಾಚ್ ಓಡುತ್ತಿರುವಾಗಲೇ ಗ್ರಾಹಕರ ವ್ಯವಹಾರವೂ ಅದೇ ಡೇಟಾಬೇಸಿನ ಬಾಗಿಲು ತಟ್ಟುತ್ತಿರುತ್ತದೆ. 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್ ಇನ್ನೊಂದು ಮಾತು ಸ್ಪಷ್ಟಪಡಿಸಿತು: ಕಂತು ಬಾರದ ಸಾಲವನ್ನು ಆಯಾ ದಿನದ ಡೇ ಎಂಡ್‌ನಲ್ಲೇ ಬಾಕಿ ಎಂದು ಗುರುತಿಸಬೇಕು, ಆ ಡೇ ಎಂಡ್ ಯಾವ ಗಂಟೆಗೆ ಓಡಿದರೂ ಸರಿ. ಅಂದರೆ ಮಾರ್ಚ್ 31ರ ಬ್ಯಾಚ್ ಏಪ್ರಿಲ್ 1ರ ನಸುಕಿನಲ್ಲಿ ಓಡಿದರೂ ಗುರುತು ಬೀಳುವುದು ಮಾರ್ಚ್ 31ಕ್ಕೆ.

ಅಳತೆಯ ಬಗೆ ಅರ್ಥವಾಗಲು ಒಂದು ಮಾದರಿ ಬ್ಯಾಂಕನ್ನು ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲಷ್ಟೇ ಮಾಡಿಕೊಂಡವು. ಬ್ಯಾಚ್ ರಾತ್ರಿ 11ಕ್ಕೆ ಶುರು, ಗಡುವು ಬೆಳಿಗ್ಗೆ 6. ದಿನದ ವ್ಯವಹಾರ ಮುಚ್ಚಲು 30 ನಿಮಿಷ, ಬಡ್ಡಿ ಲೆಕ್ಕಕ್ಕೆ 80, ಸಾಲಗಳ ಗುರುತಿಗೆ 60, ಲೆಡ್ಜರಿಗೆ 40, ಬಾಕಿ ಫೈಲು ತೆಗೆದು ಕಳಿಸಲು 50. ಒಟ್ಟು 260 ನಿಮಿಷ. ಮೂರು ಇಪ್ಪತ್ತಕ್ಕೆ ಕೆಲಸ ಮುಗಿಯುತ್ತದೆ, ಗಡುವಿಗೆ ಇನ್ನೂ 160 ನಿಮಿಷ ಇರುತ್ತದೆ. ಈ 160 ನಿಮಿಷವೇ ಆ ರಾತ್ರಿಯ ಬಫರ್.

ಬಫರನ್ನು ಪ್ರತಿ ರಾತ್ರಿ ಬರೆದಿಟ್ಟುಕೊಂಡರೆ ಅರ್ಧ ಕೆಲಸವಾದಂತೆ. ಉಳಿದರ್ಧ ಒಂದು ಪ್ರಶ್ನೆಯಲ್ಲಿದೆ: 160 ನಿಮಿಷ ಸಾಕೇ? ಬರೀ ಅಂಕಿ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಬಫರ್ ಇರುವುದೇ ಏನಾದರೂ ಕೆಟ್ಟರೆ ಸರಿಪಡಿಸಿಕೊಳ್ಳಲು. ಹಾಗಾಗಿ ಅದನ್ನು ಹೋಲಿಸಬೇಕಾದದ್ದು ದುರಸ್ತಿಗೆ ಹಿಡಿಯುವ ಹೊತ್ತಿನ ಜೊತೆ.

ದುರಸ್ತಿಯ ಹೊತ್ತಿನಲ್ಲಿ ಮೂರು ಭಾಗಗಳಿವೆ. ಜಾಬ್ ನಿಂತಿದೆ ಎಂದು ತಿಳಿಯಲು ಒಂದಷ್ಟು ಹೊತ್ತು, ಇಲ್ಲಿ 15 ನಿಮಿಷ ಎನ್ನೋಣ. ಆನ್‌ಕಾಲ್ ಇರುವವರಿಗೆ ಫೋನ್ ಹೋಗಿ, ಅವರೆದ್ದು, ಲ್ಯಾಪ್‌ಟಾಪ್ ತೆರೆದು, ಲಾಗ್ ಓದಿ ಕಾರಣ ಹಿಡಿಯಲು 25 ನಿಮಿಷ. ಕೊನೆಯದಾಗಿ ಕೆಟ್ಟ ಜಾಬನ್ನು ಮೊದಲಿನಿಂದ ಓಡಿಸುವ ಹೊತ್ತು. ಅತಿ ಕೆಟ್ಟದ್ದನ್ನೇ ಊಹಿಸಿಕೊಳ್ಳಬೇಕು, ಅಂದರೆ ಎಲ್ಲಕ್ಕಿಂತ ಉದ್ದದ ಜಾಬ್ ತನ್ನ ಕೊನೇ ನಿಮಿಷದಲ್ಲಿ ಬಿದ್ದಿತೆಂದು. ಇಲ್ಲಿ ಅದು ಬಡ್ಡಿಯ ಜಾಬ್, 80 ನಿಮಿಷ. ಎಲ್ಲ ಸೇರಿ 120 ನಿಮಿಷ. ಬಫರ್ 160, ಅಗತ್ಯ 120, ಭಾಗಿಸಿದರೆ 1.33. ಒಂದಕ್ಕಿಂತ ಹೆಚ್ಚಿದ್ದರೆ ಆ ರಾತ್ರಿ ಇಂಥ ಒಂದು ಪೆಟ್ಟು ತಿಂದೂ ಗಡುವು ಮುಟ್ಟಬಹುದಿತ್ತು ಎಂದರ್ಥ. ಒಂದಕ್ಕಿಂತ ಕಡಿಮೆಯಾದರೆ, ಆ ರಾತ್ರಿ ಗೆದ್ದದ್ದು ಏನೂ ಕೆಡಲಿಲ್ಲ ಎಂಬ ಒಂದೇ ಕಾರಣಕ್ಕೆ.

ಈಗ ಒಂದು ವರ್ಷ ಕಳೆಯಲಿ. ಖಾತೆಗಳು ಹೆಚ್ಚಿವೆ. ಬಡ್ಡಿಯ ಜಾಬ್ 80ರಿಂದ 110 ನಿಮಿಷಕ್ಕೆ, ಸಾಲಗಳ ಗುರುತು 60ರಿಂದ 75ಕ್ಕೆ ಬೆಳೆದಿವೆ. ಬ್ಯಾಚ್ ಮುಗಿಯುವುದು ನಾಲ್ಕು ಐದಕ್ಕೆ. ವರ್ಷದಲ್ಲಿ ಸರಿದದ್ದು ಮುಕ್ಕಾಲು ಗಂಟೆ, ಗಡುವಿಗೆ ಇನ್ನೂ 115 ನಿಮಿಷವಿದೆ. ಯಾರಿಗೂ ಗಾಬರಿಯಾಗುವಂಥದ್ದು ಕಾಣುವುದಿಲ್ಲ, ವರದಿಯಲ್ಲಿ ಇನ್ನೂ ನೂರಕ್ಕೆ ನೂರು. ಆದರೆ ದುರಸ್ತಿಯ ಅಗತ್ಯವೂ ಬೆಳೆದಿದೆ: 15, 25 ಮತ್ತು 110 ಸೇರಿ 150 ನಿಮಿಷ. 115ನ್ನು 150ರಿಂದ ಭಾಗಿಸಿದರೆ 0.77.

ಜಾಬ್ ನಿಧಾನವಾದಾಗ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಅದು ಬಫರನ್ನು ತಿನ್ನುತ್ತದೆ, ಜೊತೆಗೆ ಬಿದ್ದರೆ ಮತ್ತೆ ಓಡಿಸಲು ಬೇಕಾದ ಹೊತ್ತನ್ನೂ ಹೆಚ್ಚಿಸುತ್ತದೆ. ಮುಗಿದ ಗಂಟೆಯನ್ನಷ್ಟೇ ನೋಡುವವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ. ಅಪಾಯ ಬೆಳೆಯುವ ವೇಗ ಗಡಿಯಾರ ತೋರಿಸುವುದಕ್ಕಿಂತ ಹೆಚ್ಚಿರುತ್ತದೆ.

ಇದಕ್ಕೆ ಪರಿಹಾರವೆಂದರೆ ಜಾಬನ್ನು ವೇಗಗೊಳಿಸುವುದು ಎಂದು ಮೊದಲಿಗೆ ತೋರುತ್ತದೆ. ಅದು ಬೇಕು, ಆದರೆ ದುಬಾರಿ. ಇನ್ನೊಂದು ದಾರಿ ಚೆಕ್‌ಪಾಯಿಂಟ್. ಬಡ್ಡಿಯ ಜಾಬ್ ಐದೈದು ಸಾವಿರ ಖಾತೆ ಮುಗಿಸಿದಂತೆ ಎಲ್ಲಿಗೆ ಬಂದೆನೆಂದು ಗುರುತು ಹಾಕುತ್ತಾ ಹೋದರೆ, ಉಳಿದ ಜಾಬ್‌ಗಳೂ ಹಾಗೆಯೇ ಮಾಡಿದರೆ, ಬಿದ್ದಾಗ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಮತ್ತೆ ಓಡಿಸುವ ಹೊತ್ತು 110 ನಿಮಿಷದಿಂದ, ಎಲ್ಲ ಸಿದ್ಧತೆ ಸೇರಿಸಿಯೂ 10 ನಿಮಿಷಕ್ಕೆ ಇಳಿಯಿತೆನ್ನೋಣ. ಅಗತ್ಯ 50 ನಿಮಿಷವಾಯಿತು. ಬಫರ್ ಅದೇ 115, ಬ್ಯಾಚ್ ಒಂದು ನಿಮಿಷವೂ ಬೇಗ ಮುಗಿದಿಲ್ಲ. ಆದರೆ 0.77 ಇದ್ದದ್ದು 2.3ಕ್ಕೆ ಏರಿತು. ಇಲ್ಲೊಂದು ಎಚ್ಚರ ಬೇಕು: ಬಡ್ಡಿ ಬರೆಯುವುದೂ ಗುರುತು ಹಾಕುವುದೂ ಒಂದೇ ಏಟಿಗೆ ಡೇಟಾಬೇಸಿನಲ್ಲಿ ದಾಖಲಾಗಬೇಕು. ಬಡ್ಡಿ ಬರೆದು, ಗುರುತು ಹಾಕುವ ಮುನ್ನ ಜಾಬ್ ಬಿದ್ದರೆ ಮುಂದುವರಿಸಿದಾಗ ಅವೇ ಖಾತೆಗಳಿಗೆ ಎರಡನೇ ಸಲ ಬಡ್ಡಿ ಬೀಳುತ್ತದೆ. ಗಡುವು ತಪ್ಪುವುದಕ್ಕಿಂತ ಅದು ದೊಡ್ಡ ಅನಾಹುತ.

ಬೆಳಿಗ್ಗೆ ಎದ್ದು ಅಳೆಯುವುದಕ್ಕಿಂತ ಓಡುತ್ತಿರುವಾಗಲೇ ಅಳೆಯುವುದು ಇನ್ನೂ ಉಪಯುಕ್ತ. ಅದೇ ಮಾದರಿ ಬ್ಯಾಂಕಿನಲ್ಲಿ ಬಡ್ಡಿಯ ಜಾಬ್ 11:30ಕ್ಕೆ ಶುರುವಾಗಿದೆ. ಗಂಟೆ 12:30 ಆದಾಗ ಎಂದಿನ ರಾತ್ರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾತೆ ಮುಗಿದಿರಬೇಕಿತ್ತು, ಇಂದು ನೂರಕ್ಕೆ ನಲವತ್ತು ಮಾತ್ರ ಆಗಿದೆ. ಇದೇ ವೇಗದಲ್ಲಿ ಹೋದರೆ 150 ನಿಮಿಷ ಹಿಡಿದು ಎರಡು ಗಂಟೆಗೆ ಮುಗಿಯುತ್ತದೆ. ಮುಂದಿನ ಮೂರು ಜಾಬ್‌ಗಳಿಗೆ ಎಂದಿನ 165 ನಿಮಿಷ ಸೇರಿಸಿದರೆ 4:45. ಬಫರ್ 75 ನಿಮಿಷಕ್ಕೆ ಇಳಿಯಲಿದೆ ಎಂಬ ಸಂಗತಿ ಗಡುವಿಗೆ ಐದೂವರೆ ಗಂಟೆ ಮುಂಚೆಯೇ ಗೊತ್ತಾಯಿತು. ಅಷ್ಟು ಹೊತ್ತಿದ್ದರೆ ಡೇಟಾಬೇಸಿನವರನ್ನು ಎಬ್ಬಿಸಬಹುದು, ಬೆಳಿಗ್ಗೆಗೆ ಬೇಡದ ವರದಿಗಳ ಜಾಬ್‌ಗಳನ್ನು ತಡೆದು ಯಂತ್ರಕ್ಕೆ ಬಿಡುವು ಕೊಡಬಹುದು.

ಕಂಟ್ರೋಲ್-ಎಂ, ಐಬಿಎಂ ವರ್ಕ್‌ಲೋಡ್ ಶೆಡ್ಯೂಲರ್‌ನಂಥ ತಂತ್ರಾಂಶಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ. ಹಿಂದಿನ ರಾತ್ರಿಗಳ ಅವಧಿ ನೋಡಿ ಮುಗಿಯುವ ಗಂಟೆಯನ್ನು ಅಂದಾಜಿಸುತ್ತವೆ, ಗಡುವಿನಿಂದ ಹಿಂದಕ್ಕೆ ಎಣಿಸಿ ಪ್ರತಿ ಜಾಬ್ ಎಷ್ಟು ಗಂಟೆಯೊಳಗೆ ಶುರುವಾಗಲೇಬೇಕೆಂದೂ ಹೇಳುತ್ತವೆ. ನಮ್ಮ ಮಾದರಿಯಲ್ಲಿ ಬಾಕಿ ಫೈಲಿನ ಜಾಬ್ 5:10ಕ್ಕೆ ಶುರುವಾಗದಿದ್ದರೆ ಗಡುವು ಕೈತಪ್ಪಿದಂತೆಯೇ. ಹಿಂದಕ್ಕೆ ಎಣಿಸುವ ಈ ಪದ್ಧತಿ ಕಂಪ್ಯೂಟರ್ ಬ್ಯಾಚಿಗಾಗಿ ಹುಟ್ಟಿದ್ದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತನ್ನ ರಾಸಾಯನಿಕ ಕಾರ್ಖಾನೆಗಳ ಕೆಲಸ ಯೋಜಿಸಲು ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನದ್ದು.

ಕ್ರಿಟಿಕಲ್ ಪಾತ್ ಎಂದರೆ ಜಾಬ್‌ಗಳ ಜಾಲದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ಸರಣಿ. ಅದರಲ್ಲಿನ ಜಾಬ್ ಹತ್ತು ನಿಮಿಷ ತಡವಾದರೆ ಇಡೀ ಬ್ಯಾಚ್ ಹತ್ತು ನಿಮಿಷ ತಡ. ಹೊರಗಿನ ಜಾಬ್ ಅರ್ಧ ಗಂಟೆ ತಡವಾದರೂ ಏನೂ ಆಗದಿರಬಹುದು. ತೊಡಕೆಂದರೆ ಈ ಸರಣಿ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಲೆಡ್ಜರಿನ ಜಾಬ್‌ಗೆ ಹೊರಗಿನ ಸಂಸ್ಥೆಯಿಂದ ಒಂದು ಸೆಟಲ್‌ಮೆಂಟ್ ಫೈಲು ಬರಬೇಕಿದೆ ಎನ್ನೋಣ. ದಿನವೂ ಎರಡು ಗಂಟೆಗೆ ಬರುತ್ತದೆ, ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ರಾತ್ರಿ ಅದು ನಾಲ್ಕೂಕಾಲಿಗೆ ಬಂತು. ಲೆಡ್ಜರ್ 4:55ಕ್ಕೆ, ಬಾಕಿ ಫೈಲು 5:45ಕ್ಕೆ ಮುಗಿದವು. ಬಫರ್ 15 ನಿಮಿಷ. ಬ್ಯಾಂಕಿನ ಒಂದೊಂದು ಜಾಬೂ ಅಂದು ಎಂದಿನಷ್ಟೇ ಹೊತ್ತು ತೆಗೆದುಕೊಂಡಿತ್ತು, ಕಳೆದದ್ದೆಲ್ಲ ಕಾಯುವುದರಲ್ಲಿ. ಆದ್ದರಿಂದ ಪ್ರತಿ ಜಾಬ್‌ಗೂ ಕಾದ ಹೊತ್ತನ್ನೂ ಓಡಿದ ಹೊತ್ತನ್ನೂ ಬೇರೆಬೇರೆ ಬರೆದಿಡಬೇಕು. ಎರಡನ್ನೂ ಸೇರಿಸಿಬಿಟ್ಟರೆ, ಫೈಲು ತಡವಾದದ್ದಕ್ಕೆ ಡೇಟಾಬೇಸನ್ನು ದೂರುತ್ತಾ ಕೂರಬೇಕಾಗುತ್ತದೆ.

ಅಳತೆಯೇ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಎಲ್ಲಕ್ಕಿಂತ ಕೆಟ್ಟದ್ದು ಸರಾಸರಿ. ಬ್ಯಾಚ್ ಮುಗಿಯದೇ ನಿಂತ ರಾತ್ರಿಯ ದಾಖಲೆಯಲ್ಲಿ ‘ಮುಗಿದ ಗಂಟೆ’ ಎಂಬ ಕಾಲಂ ಖಾಲಿ ಇರುತ್ತದೆ. ಸರಾಸರಿ ತೆಗೆಯುವ ಕ್ವೆರಿ ಖಾಲಿ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪರಿಣಾಮವಾಗಿ ತಿಂಗಳಲ್ಲೇ ಅತಿ ಕೆಟ್ಟ ರಾತ್ರಿ ಲೆಕ್ಕದಿಂದ ಹೊರಗುಳಿದು, ಸರಾಸರಿ ಚೆನ್ನಾಗಿ ಕಾಣುತ್ತದೆ. ಅಷ್ಟೇ ಕೆಟ್ಟದ್ದು ಬೇಗ ಮುಗಿದ ಜಾಬ್. ಬಡ್ಡಿಯ ಜಾಬ್ ಎರಡೇ ನಿಮಿಷದಲ್ಲಿ ಯಶಸ್ವಿಯಾಗಿ ಮುಗಿಯಿತೆಂದರೆ ಬಫರ್ ಭರ್ಜರಿಯಾಗಿ ಕಾಣುತ್ತದೆ. ಅದಕ್ಕೆ ಬಂದ ಫೈಲೇ ಖಾಲಿ ಇತ್ತು ಎಂದು ಗೊತ್ತಾಗುವುದು ಗ್ರಾಹಕರು ಫೋನ್ ಮಾಡಿದಾಗ. ಗಂಟೆಯ ಪಕ್ಕದಲ್ಲೇ ಎಷ್ಟು ದಾಖಲೆಗಳನ್ನು ಸಂಸ್ಕರಿಸಿತು ಎಂಬ ಅಂಕಿಯೂ ಇರಲೇಬೇಕು.

ಮಧ್ಯರಾತ್ರಿಯ ಗೆರೆಯೂ ಕಾಡುತ್ತದೆ. ಸೋಮವಾರದ ಲೆಕ್ಕ ಮಂಗಳವಾರದ ನಸುಕಿನಲ್ಲಿ ಮುಗಿಯುತ್ತದೆ. ವ್ಯವಹಾರದ ದಿನಾಂಕವನ್ನೂ ಗಡಿಯಾರದ ದಿನಾಂಕವನ್ನೂ ಗೊಂದಲ ಮಾಡಿಕೊಂಡ ಪ್ರೋಗ್ರಾಂ ಇಪ್ಪತ್ನಾಲ್ಕು ಗಂಟೆಯ ಬಫರ್ ತೋರಿಸಬಹುದು, ಇಲ್ಲವೇ ಇಡೀ ದಿನ ತಡವಾಯಿತೆಂದು ಕೂಗಬಹುದು. ಬೆಂಗಳೂರಿನಲ್ಲಿ ಕುಳಿತು ಲಂಡನ್ನಿನ ಬ್ಯಾಚ್ ನೋಡಿಕೊಳ್ಳುವವರಿಗೆ ಇನ್ನೊಂದು ತಾಪತ್ರಯವಿದೆ. ಲಂಡನ್ನಿನ ಮಧ್ಯರಾತ್ರಿ ಚಳಿಗಾಲದಲ್ಲಿ ನಮ್ಮ ಬೆಳಗಿನ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆಯಿಂದ ನೇರ ಎರಡಕ್ಕೆ ಜಿಗಿಯುತ್ತದೆ. ಆ ರಾತ್ರಿಯ ಬ್ಯಾಚಿಗೆ ಅರವತ್ತು ನಿಮಿಷ ಇರುವುದೇ ಇಲ್ಲ, ಬಫರಿನಿಂದ ಅಷ್ಟು ನೇರವಾಗಿ ಕಡಿದುಹೋಗಿರುತ್ತದೆ.

ಎಲ್ಲ ರಾತ್ರಿಗಳೂ ಒಂದೇ ತೂಕದವಲ್ಲ ಎನ್ನುವುದನ್ನು ಮರೆತರೆ ಇಷ್ಟೆಲ್ಲ ಅಳೆದೂ ಮೋಸ ಹೋಗಬೇಕಾಗುತ್ತದೆ. ಸಂಬಳದ ದಿನ, ತಿಂಗಳ ಕೊನೆ, ತ್ರೈಮಾಸಿಕದ ಕೊನೆ, ಸಾಲು ರಜೆಯ ಮರುದಿನ ಎಂದು ವಿಂಗಡಿಸಿ ತಿಂಗಳ ಕೊನೆಯನ್ನು ಹಿಂದಿನ ತಿಂಗಳುಗಳ ಕೊನೆಯ ಜೊತೆಗೇ ಹೋಲಿಸಬೇಕು, ಸಾಮಾನ್ಯ ಬುಧವಾರದ ಜೊತೆ ಅಲ್ಲ. ಮಾದರಿ ಬ್ಯಾಂಕಿನಲ್ಲಿ ತ್ರೈಮಾಸಿಕದ ಕೊನೆಯ ರಾತ್ರಿ ಬಡ್ಡಿಯನ್ನು ಖಾತೆಗಳಿಗೆ ನಿಜವಾಗಿ ಜಮೆ ಮಾಡುವ ಇನ್ನೊಂದು ಜಾಬ್ ಸೇರಿಕೊಳ್ಳುತ್ತದೆ, ಅದಕ್ಕೆ 70 ನಿಮಿಷ. ಬ್ಯಾಚ್ ಮುಗಿಯುವುದು 5:15ಕ್ಕೆ, ಬಫರ್ 45 ನಿಮಿಷ. ಚೆಕ್‌ಪಾಯಿಂಟ್ ಹಾಕಿ ದುರಸ್ತಿಯ ಅಗತ್ಯವನ್ನು 50ಕ್ಕೆ ಇಳಿಸಿದ್ದರೂ ಭಾಗಿಸಿದರೆ ಬರುವುದು 0.9. ಉಳಿದ ರಾತ್ರಿಗಳಿಗೆ ಧಾರಾಳವಾಗಿ ಸಾಲುವ ಉಪಾಯ ಈ ರಾತ್ರಿಗೆ ಸಾಲದು.

ವರ್ಷದಲ್ಲಿ ಇಂಥ ರಾತ್ರಿಗಳು ನಾಲ್ಕೇ. ಮಾರ್ಚ್ 31 ಒಂದೇ ಒಂದು. ಹಳೆಯ ದಾಖಲೆ ಎಷ್ಟೇ ಕೆದಕಿದರೂ ಹೋಲಿಸಲು ಸಿಗುವುದು ಬೆರಳೆಣಿಕೆಯ ರಾತ್ರಿಗಳು, ಅವೂ ಖಾತೆಗಳ ಸಂಖ್ಯೆ ಬೇರೆಯಿದ್ದ ಕಾಲದವು. ಇಲ್ಲಿ ಅಂಕಿಅಂಶದ ಮೇಲೆ ಒರಗುವ ಬದಲು ತಾಲೀಮು ನಡೆಸುವುದೇ ದಾರಿ. ಇತ್ತೀಚಿನ ಡೇಟಾದ ಪ್ರತಿಯನ್ನು ಬೇರೆ ಯಂತ್ರಕ್ಕೆ ಹಾಕಿ ವರ್ಷದ ಕೊನೆಯ ಬ್ಯಾಚನ್ನು ಮೊದಲೇ ಒಮ್ಮೆ ಪೂರ್ತಿ ಓಡಿಸಿ, ನಡುವೆ ಬೇಕೆಂದೇ ಒಂದು ಜಾಬ್ ಬೀಳಿಸಿ, ಎದ್ದು ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ನೋಡಬೇಕು. ಆ ಅಂಕಿ ಕೈಯಲ್ಲಿದ್ದಾಗ ಗಡುವು ಕೊಟ್ಟವರ ಮುಂದೆ ಕೂತು ಕೇಳಬಹುದಾದ ಪ್ರಶ್ನೆಗಳೂ ಸ್ಪಷ್ಟವಾಗುತ್ತವೆ: ಆ ರಾತ್ರಿ ಅರ್ಧ ಗಂಟೆ ಮೊದಲೇ ಬ್ಯಾಚ್ ಶುರುಮಾಡಬಹುದೇ, ಆರಕ್ಕೆ ನಿಜಕ್ಕೂ ಬೇಕಿರುವುದು ಎಟಿಎಂ ಬಾಕಿಯ ಫೈಲೊಂದೇ ಆಗಿದ್ದರೆ ಅದಕ್ಕೆ ಅಡ್ಡ ಬರುವ ಜಾಬ್‌ಗಳಲ್ಲಿ ಯಾವುದನ್ನು ಅದರ ಹಿಂದಕ್ಕೆ ಸರಿಸಬಹುದು, ಆನ್‌ಕಾಲ್‌ನವರು ಅಂದು ಮನೆಯಲ್ಲಿ ಮಲಗುವ ಬದಲು ಪರದೆಯ ಮುಂದೆಯೇ ಇದ್ದರೆ 40 ನಿಮಿಷದ ಪತ್ತೆ ಮತ್ತು ತಪಾಸಣೆ 15ಕ್ಕೆ ಇಳಿಯುತ್ತದೆಯೇ. ಕೊನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ಅಗತ್ಯ 25 ನಿಮಿಷಕ್ಕೆ ಬರುತ್ತದೆ, 45 ನಿಮಿಷದ ಬಫರಿನಲ್ಲಿ ಒಂದು ಪೆಟ್ಟಿಗೆ ಜಾಗ ಸಿಗುತ್ತದೆ.